ದಿನಕ್ಕಿಷ್ಟು ಲಾಭ ಖಚಿತ ಎನ್ನುವ ಗುಂಪು, ಸೆಬಿ ನೋಂದಾಯಿತ ಸಲಹೆಗಾರ: ಎರಡನ್ನೂ ಬೇರ್ಪಡಿಸಿ ನೋಡುವ ಕ್ರಮ

ಷೇರು ಹೂಡಿಕೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತಿದೆ. "ನನ್ನನ್ನು ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದ್ದಾರೆ. ದಿನಕ್ಕೆ ಶೇ 3 ಲಾಭ ಖಚಿತ ಅನ್ನುತ್ತಾರೆ. ಅನುಮಾನ ಬಂದು ಕೇಳಿದರೆ ಸೆಬಿ ಸರ್ಟಿಫಿಕೇಟನ್ನೇ ಕಳಿಸಿದರು. ಈಗ ನಂಬಬಹುದೇ?" ಸರ್ಟಿಫಿಕೇಟ್ ಕಳಿಸಿದ್ದಾರೆ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಅದರಲ್ಲಿರುವ ನೋಂದಣಿ ಸಂಖ್ಯೆ ಯಾರದು, ನಿಮ್ಮೊಡನೆ ಮಾತನಾಡುತ್ತಿರುವವರು ಅವರೇ ಹೌದೇ, ನಿಮ್ಮ ಹಣ ಯಾರ ಖಾತೆಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ನೀವೇ ಸ್ವತಂತ್ರವಾಗಿ ಉತ್ತರ ಕಂಡುಕೊಳ್ಳಬೇಕು. ಈ ಲೇಖನ ಆ ಕೆಲಸವನ್ನು ಹಂತ ಹಂತವಾಗಿ ವಿವರಿಸುತ್ತದೆ.

ಇದಕ್ಕೆ ಬೇಕಾಗಿರುವುದು ಇಂಟರ್ನೆಟ್ ಇರುವ ಫೋನ್ ಅಥವಾ ಕಂಪ್ಯೂಟರ್, ಸುಮಾರು ಅರ್ಧ ಗಂಟೆಯ ಸಮಯ, ಮತ್ತು ಗುಂಪಿನವರು ಕಳಿಸಿದ ಹೆಸರು, ನೋಂದಣಿ ಸಂಖ್ಯೆ, ಯುಪಿಐ ಐಡಿ ಅಥವಾ ಬ್ಯಾಂಕ್ ಖಾತೆಯ ವಿವರಗಳ ಸ್ಕ್ರೀನ್‌ಶಾಟ್. ಎಲ್ಲ ಹಂತಗಳು ಮುಗಿಯುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. "ಇವತ್ತು ಸಂಜೆಯೊಳಗೆ ಸೇರದಿದ್ದರೆ ಜಾಗ ಭರ್ತಿಯಾಗುತ್ತದೆ" ಎಂದು ಅವಸರಪಡಿಸಿದರೆ ಅದನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಹಂತ 1: ಎದುರಿಗಿರುವವರು ಯಾರೆಂದು ಹೇಳಿಕೊಳ್ಳುತ್ತಿದ್ದಾರೆ?

ನಮ್ಮ ದೇಶದ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ. ಶುಲ್ಕ ಪಡೆದು ಹೂಡಿಕೆಯ ಸಲಹೆ ಕೊಡುವವರು ಅದರಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಇವರಲ್ಲಿ ನಮಗೆ ಮುಖ್ಯವಾಗುವುದು ಎರಡು ವರ್ಗ.

ಮೊದಲನೆಯವರು ಹೂಡಿಕೆ ಸಲಹೆಗಾರರು. ಇವರು 2013ರ ನಿಯಮಾವಳಿಯ ಅಡಿಯಲ್ಲಿ ಬರುತ್ತಾರೆ. ಇವರ ನೋಂದಣಿ ಸಂಖ್ಯೆ INA ಎಂಬ ಅಕ್ಷರಗಳಿಂದ ಆರಂಭವಾಗಿ, ಅದರ ನಂತರ ಒಂಬತ್ತು ಅಂಕಿಗಳಿರುತ್ತವೆ. ನಿಮ್ಮ ಆದಾಯ, ಸಾಲ, ವಯಸ್ಸು, ಗುರಿಗಳನ್ನು ತಿಳಿದುಕೊಂಡು ನಿಮಗೆಂದೇ ಸಲಹೆ ನೀಡುವುದು ಇವರ ಕೆಲಸ. ಎರಡನೆಯವರು ಸಂಶೋಧನಾ ವಿಶ್ಲೇಷಕರು. ಇವರು 2014ರ ನಿಯಮಾವಳಿಗೆ ಒಳಪಟ್ಟವರು, ಸಂಖ್ಯೆ INH ಎಂದು ಆರಂಭವಾಗುತ್ತದೆ. "ಈ ಷೇರನ್ನು ಈ ಬೆಲೆಗೆ ಕೊಳ್ಳಿ, ಈ ಬೆಲೆಗೆ ಮಾರಿ" ಎಂಬ ಶಿಫಾರಸನ್ನು ಶುಲ್ಕ ಪಡೆದು ಹಲವರಿಗೆ ಕೊಡಲು ಇವರಿಗೆ ಅವಕಾಶವಿದೆ. ಆದ್ದರಿಂದ ಷೇರು ಟಿಪ್ಸ್ ಕೊಡುವುದೇ ಕಾನೂನುಬಾಹಿರ ಎಂದು ತಿಳಿಯಬೇಕಾಗಿಲ್ಲ. ನೋಂದಣಿ ಇಲ್ಲದೆ ಕೊಡುವುದು ಮತ್ತು ಲಾಭ ಖಚಿತವೆಂದು ಹೇಳುವುದು, ಇವೆರಡೂ ನಿಷಿದ್ಧ.

ಇಲ್ಲಿ ಹಲವರು ಎಡವುವುದು "ನಾವು ಸಲಹೆ ಕೊಡುವುದಿಲ್ಲ, ಶಿಕ್ಷಣಕ್ಕಾಗಿ ಮಾತ್ರ" ಎಂಬ ಒಂದು ಸಾಲಿನಿಂದ. 2025ರ ಜನವರಿಯಲ್ಲಿ ಸೆಬಿ ಇದಕ್ಕೆ ಒಂದು ಗೆರೆ ಎಳೆದಿದೆ. ಶಿಕ್ಷಣವಷ್ಟೇ ನೀಡುತ್ತೇನೆ ಎನ್ನುವವರು ಹಿಂದಿನ ಮೂರು ತಿಂಗಳ ಬೆಲೆಯ ಮಾಹಿತಿಯನ್ನು ಬಳಸಿ, ಷೇರಿನ ಹೆಸರು ಹೇಳಿ, ಮುಂದೆ ಅದರ ಬೆಲೆ ಹೀಗಾಗುತ್ತದೆ ಎಂದು ಸೂಚಿಸುವಂತಿಲ್ಲ. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಪೇಟೆ ತೆರೆದ ಕೂಡಲೇ ಇಂದಿನ ಬೆಲೆ, ಗುರಿ ಬೆಲೆ ಎರಡನ್ನೂ ಹಾಕುವ ಗುಂಪು ತನ್ನನ್ನು ಪಾಠಶಾಲೆ ಎಂದು ಕರೆದುಕೊಂಡರೂ ಅದು ಕೊಡುತ್ತಿರುವುದು ಸಲಹೆಯೇ.

ಹಂತ 2: ಕೊಟ್ಟಿರುವ ಭರವಸೆಯನ್ನು ಲೆಕ್ಕ ಹಾಕಿ ನೋಡಿ

ನೋಂದಾಯಿತ ಸಲಹೆಗಾರರಾಗಲಿ ವಿಶ್ಲೇಷಕರಾಗಲಿ ಖಚಿತ ಲಾಭದ ಭರವಸೆ ಕೊಡುವಂತಿಲ್ಲ. ತಮ್ಮ ಜಾಹೀರಾತಿನಲ್ಲಿ, ಸೆಬಿ ನೋಂದಣಿ ಇದೆಯೆಂದ ಮಾತ್ರಕ್ಕೆ ಲಾಭದ ಖಾತ್ರಿ ಇಲ್ಲ ಎಂಬ ಎಚ್ಚರಿಕೆಯನ್ನು ಅವರೇ ಹಾಕಬೇಕು. ಹಾಗಾಗಿ "ಖಚಿತ", "ಗ್ಯಾರಂಟಿ", "ನಷ್ಟವಾದರೆ ನಾವೇ ತುಂಬಿಕೊಡುತ್ತೇವೆ" ಎಂಬ ಮಾತು ಬಂದ ಕೂಡಲೇ, ಹೇಳಿದವರು ನೋಂದಾಯಿತರಲ್ಲ ಅಥವಾ ನೋಂದಾಯಿತರಾಗಿದ್ದೂ ನಿಯಮ ಮುರಿಯುತ್ತಿದ್ದಾರೆ ಎಂದರ್ಥ. ಎರಡೂ ಸಂದರ್ಭದಲ್ಲಿ ನಿಮಗೆ ಅವರ ಸಹವಾಸ ಬೇಡ.

ಆದರೂ ಮನಸ್ಸು ಅಲ್ಲೇ ಸುಳಿದಾಡುತ್ತಿದ್ದರೆ ಒಂದು ಲೆಕ್ಕ ಹಾಕಿ. ವರ್ಷದಲ್ಲಿ ಷೇರುಪೇಟೆ ಸುಮಾರು 250 ದಿನ ನಡೆಯುತ್ತದೆ. ದಿನಕ್ಕೆ ಬರೀ ಶೇ 1ರಷ್ಟು ಲಾಭ ಬಂದು ಅದನ್ನು ಮರುದಿನಕ್ಕೆ ಸೇರಿಸುತ್ತಾ ಹೋದರೆ, 1 ಲಕ್ಷ ರೂಪಾಯಿ ವರ್ಷದ ಕೊನೆಗೆ ಸುಮಾರು 12 ಲಕ್ಷವಾಗುತ್ತದೆ. ದಿನಕ್ಕೆ ಶೇ 2 ಆದರೆ ಸುಮಾರು 1.41 ಕೋಟಿ. ಶೇ 3 ಆದರೆ 16 ಕೋಟಿ ದಾಟುತ್ತದೆ. ಇಂಥದೊಂದು ವಿದ್ಯೆ ಕೈಯಲ್ಲಿರುವವನಿಗೆ ನಿಮ್ಮ ಇಪ್ಪತ್ತು ಸಾವಿರ ಏಕೆ ಬೇಕು ಎಂಬ ಪ್ರಶ್ನೆಗೆ ಯಾವ ಅಡ್ಮಿನ್ ಬಳಿಯೂ ಉತ್ತರವಿಲ್ಲ.

"ಆದರೆ ಐದು ದಿನ ಅವರು ಹೇಳಿದ ಹಾಗೆಯೇ ಆಯಿತಲ್ಲ?" ಎಂದು ಕೇಳುವವರಿದ್ದಾರೆ. ಹಾಗೆ ತೋರಿಸಲು ಯಾವ ಜ್ಞಾನವೂ ಬೇಕಿಲ್ಲ. 800 ಜನರ ಪಟ್ಟಿ ಇಟ್ಟುಕೊಂಡವನು 400 ಮಂದಿಗೆ ಒಂದು ಷೇರು ಏರುತ್ತದೆಂದೂ ಉಳಿದ 400 ಮಂದಿಗೆ ಇಳಿಯುತ್ತದೆಂದೂ ಸಂದೇಶ ಕಳಿಸುತ್ತಾನೆ. ತಪ್ಪಾದವರನ್ನು ಬಿಟ್ಟು, ಸರಿಯಾದ 400 ಮಂದಿಯನ್ನು ಮರುದಿನ ಮತ್ತೆ ಎರಡು ಪಾಲು ಮಾಡುತ್ತಾನೆ. ಐದನೆಯ ದಿನಕ್ಕೆ 25 ಜನ ಉಳಿಯುತ್ತಾರೆ, ಆ 25 ಜನರ ಕಣ್ಣಿಗೆ ಅವನು ಒಮ್ಮೆಯೂ ತಪ್ಪದ ಮನುಷ್ಯ. ಅವರ ಪಾಲಿಗೆ ಬಂದ ಐದೂ ಸಂದೇಶಗಳು ನಿಜವಾಗಿಯೂ ಸರಿಯಾಗಿದ್ದವು ಎಂಬುದೇ ಈ ತಂತ್ರದ ಬಲ.

ಹಂತ 3: ನೋಂದಣಿ ಸಂಖ್ಯೆಯನ್ನು ಸೆಬಿಯ ಪಟ್ಟಿಯಲ್ಲಿ ಹುಡುಕಿ, ನಂತರ ಪಟ್ಟಿಯಿಂದ ಹಿಂದಕ್ಕೆ ಬನ್ನಿ

ಈ ಹಂತವನ್ನು ಅರ್ಧಕ್ಕೆ ನಿಲ್ಲಿಸಿ ಮೋಸಹೋದವರೇ ಹೆಚ್ಚು, ಆದ್ದರಿಂದ ನಿಧಾನವಾಗಿ ಓದಿ.

ಗುಂಪಿನವರು ಕಳಿಸಿದ ಲಿಂಕನ್ನು ಒತ್ತಬೇಡಿ. ಬ್ರೌಸರಿನಲ್ಲಿ ನೀವೇ sebi.gov.in ಎಂದು ಟೈಪ್ ಮಾಡಿ. ಅಲ್ಲಿ ಮಧ್ಯವರ್ತಿಗಳ ವಿಭಾಗದಲ್ಲಿ Recognised Intermediaries ಎಂಬುದನ್ನು ತೆರೆದು, ಪಟ್ಟಿಯಿಂದ ಹೂಡಿಕೆ ಸಲಹೆಗಾರರನ್ನು ಅಥವಾ ಸಂಶೋಧನಾ ವಿಶ್ಲೇಷಕರನ್ನು ಆರಿಸಿ, ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿ ಹುಡುಕಿ. ನೋಂದಣಿ ನಿಜವಾಗಿದ್ದರೆ ಆ ವ್ಯಕ್ತಿಯ ಅಥವಾ ಸಂಸ್ಥೆಯ ಹೆಸರು, ವಿಳಾಸ, ಇಮೇಲ್, ದೂರವಾಣಿ ಸಂಖ್ಯೆ, ನೋಂದಣಿಯ ಅವಧಿ ಎಲ್ಲವೂ ಅಲ್ಲಿ ಕಾಣುತ್ತವೆ.

ಹೆಸರು ಸಿಕ್ಕಿತೆಂದು ಇಲ್ಲಿಗೇ ನಿಲ್ಲಿಸಬಾರದು. ಈ ಪಟ್ಟಿ ಎಲ್ಲರಿಗೂ ತೆರೆದಿರುವುದರಿಂದ ವಂಚಕನೂ ಅದನ್ನು ನೋಡುತ್ತಾನೆ. ನಿಜವಾದ ಒಬ್ಬ ಸಲಹೆಗಾರನ ಹೆಸರನ್ನೂ ಸಂಖ್ಯೆಯನ್ನೂ ಎತ್ತಿಕೊಂಡು, ಅವರ ಫೋಟೊವನ್ನು ಪ್ರೊಫೈಲಿಗೆ ಹಾಕಿ, ಸರ್ಟಿಫಿಕೇಟಿನ ಚಿತ್ರ ತಯಾರಿಸುವುದಕ್ಕೆ ಹೆಚ್ಚು ಹೊತ್ತು ಬೇಡ. ಹಾಗಾಗಿ ಪಟ್ಟಿಯಲ್ಲಿ ಹೆಸರಿದೆ ಎಂದಾಗ ಸಾಬೀತಾಗುವುದು ಆ ಹೆಸರಿನ ಸಲಹೆಗಾರರೊಬ್ಬರು ಇದ್ದಾರೆ ಎಂಬುದಷ್ಟೇ. ನಿಮ್ಮ ಗುಂಪಿನಲ್ಲಿರುವವರು ಅವರೇ ಎಂಬುದಲ್ಲ.

ಅದನ್ನು ತಿಳಿಯಲು ಸೆಬಿ ಪಟ್ಟಿಯಲ್ಲಿರುವ ದೂರವಾಣಿ ಸಂಖ್ಯೆಗೆ ನೀವೇ ಕರೆ ಮಾಡಿ, ಅಥವಾ ಅಲ್ಲಿರುವ ಇಮೇಲಿಗೆ ಬರೆಯಿರಿ. "ಈ ಮೊಬೈಲ್ ಸಂಖ್ಯೆಯಿಂದ, ಈ ಹೆಸರಿನ ಗುಂಪನ್ನು ತಾವು ನಡೆಸುತ್ತಿದ್ದೀರಾ?" ಎಂದು ಕೇಳಿದರೆ ಸಾಕು. ಗುಂಪಿನಲ್ಲಿ ಕೊಟ್ಟಿರುವ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ, ಅಲ್ಲಿ ಫೋನ್ ಎತ್ತುವವರೂ ಅದೇ ತಂಡದವರು. ಸಂಖ್ಯೆ ಯಾವ ವರ್ಗದ್ದು ಎಂಬುದನ್ನೂ ಗಮನಿಸಿ. INZ ಎಂದು ಆರಂಭವಾಗುವುದು ಷೇರು ದಲ್ಲಾಳಿಯ ನೋಂದಣಿ. ARN ಎಂಬುದು ಮ್ಯೂಚುವಲ್ ಫಂಡ್ ವಿತರಕರ ಸಂಖ್ಯೆ, ಅದು ಷೇರು ಟಿಪ್ಸ್ ಕೊಡುವ ಪರವಾನಗಿಯಲ್ಲ. ಕಂಪನಿ ನೋಂದಣಿಯ ಅಥವಾ ಜಿಎಸ್‌ಟಿಯ ಪ್ರಮಾಣಪತ್ರ ಕಳಿಸಿ "ಸರ್ಕಾರಿ ನೋಂದಣಿ ಇದೆ" ಎನ್ನುವವರಿಗೂ ಸಲಹೆ ಕೊಡುವ ಹಕ್ಕು ಅದರಿಂದ ಬರುವುದಿಲ್ಲ.

ಹಂತ 4: ಅವರು ನಿಮ್ಮನ್ನು ಏನು ಕೇಳುತ್ತಾರೆ, ಶುಲ್ಕವನ್ನು ಹೇಗೆ ಪಡೆಯುತ್ತಾರೆ

ನಿಜವಾದ ಹೂಡಿಕೆ ಸಲಹೆಗಾರರ ಜೊತೆಗಿನ ಮೊದಲ ಮಾತುಕತೆ ನಿಮಗೆ ಬೇಸರ ತರಿಸುವಂತಿರುತ್ತದೆ. ನಿಮ್ಮ ಪ್ಯಾನ್ ಮತ್ತು ಕೆವೈಸಿ, ಅಂದರೆ ಗುರುತಿನ ದೃಢೀಕರಣ, ಆದಾಯ, ಸಾಲದ ಕಂತು, ಅವಲಂಬಿತರು, ನಷ್ಟ ತಾಳಿಕೊಳ್ಳುವ ಶಕ್ತಿ ಇವುಗಳನ್ನೆಲ್ಲ ಅವರು ಕೇಳಿ ಬರೆದುಕೊಳ್ಳಬೇಕು. ಇದಕ್ಕೆ ರಿಸ್ಕ್ ಪ್ರೊಫೈಲಿಂಗ್ ಎನ್ನುತ್ತಾರೆ. ನಂತರ ಲಿಖಿತ ಒಪ್ಪಂದವಾಗಬೇಕು. ಅದಕ್ಕಿಂತ ಮೊದಲು ಸಲಹೆಯೂ ಇಲ್ಲ, ಶುಲ್ಕವೂ ಇಲ್ಲ. ನಿಮ್ಮ ಬಗ್ಗೆ ಏನನ್ನೂ ಕೇಳದೆ "ಎಷ್ಟು ಹಾಕುತ್ತೀರಿ?" ಎಂದು ಮಾತ್ರ ಕೇಳುವವರು ಸಲಹೆಗಾರರಲ್ಲ.

ಶುಲ್ಕಕ್ಕೂ ಮಿತಿಯಿದೆ. ನಿಗದಿತ ಶುಲ್ಕವಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ 1,51,000 ರೂಪಾಯಿ, ಸಲಹೆಗೆ ಒಳಪಟ್ಟ ಆಸ್ತಿಯ ಮೇಲಿನ ಶುಲ್ಕವಾದರೆ ವರ್ಷಕ್ಕೆ ಗರಿಷ್ಠ ಶೇ 2.5. ಶುಲ್ಕವನ್ನು ನಗದಿನಲ್ಲಿ ಪಡೆಯುವಂತಿಲ್ಲ. "ಮೊದಲು ಏನೂ ಬೇಡ, ಬಂದ ಲಾಭದಲ್ಲಿ ಶೇ 20 ನಮಗೆ ಕೊಡಿ" ಎಂಬ ಮಾತು ಎಷ್ಟು ನ್ಯಾಯವಾಗಿ ಕೇಳಿಸಿದರೂ, ಹೂಡಿಕೆ ಸಲಹೆಗಾರರಿಗೆ ಲಾಭದ ಪಾಲು ಪಡೆಯುವ ಅವಕಾಶವೇ ಇಲ್ಲ. ಹಾಗೆ ಪಾಲು ಪಡೆಯಬಹುದಾದ ಪೋರ್ಟ್‌ಫೋಲಿಯೊ ನಿರ್ವಾಹಕರು ಬೇರೆಯೇ ವರ್ಗ, ಅವರಲ್ಲಿ ಹೂಡಲು ಕನಿಷ್ಠ 50 ಲಕ್ಷ ರೂಪಾಯಿ ಬೇಕು.

ಹಂತ 5: ಹಣದ ದಾರಿಯನ್ನು ನೋಡಿ

ಉಳಿದೆಲ್ಲ ಮರೆತರೂ ಇದೊಂದನ್ನು ನೆನಪಿಡಿ ಎಂದು ನಾನು ಓದುಗರಿಗೆ ಹೇಳುತ್ತಲೇ ಬಂದಿದ್ದೇನೆ. ಸಲಹೆಗಾರನಿಗೆ ಹೋಗಬೇಕಾದದ್ದು ಶುಲ್ಕ ಮಾತ್ರ. ಹೂಡಿಕೆಯ ಹಣ ಎಂದಿಗೂ ಅವನ ಕೈಗೆ ಹೋಗುವುದಿಲ್ಲ. ಅದು ನಿಮ್ಮ ಬ್ಯಾಂಕ್ ಖಾತೆಯಿಂದ ನಿಮ್ಮದೇ ದಲ್ಲಾಳಿಯ ಬಳಿ ನಿಮ್ಮ ಹೆಸರಿನಲ್ಲಿರುವ ಟ್ರೇಡಿಂಗ್ ಖಾತೆಗೆ ಹೋಗುತ್ತದೆ, ಕೊಂಡ ಷೇರು ನಿಮ್ಮ ಡಿಮ್ಯಾಟ್ ಖಾತೆಗೆ ಬರುತ್ತದೆ. ಡಿಮ್ಯಾಟ್ ಎಂದರೆ ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ. ಕೊಳ್ಳುವ ಗುಂಡಿಯನ್ನು ಒತ್ತುವವರೂ ನೀವೇ. ಲಾಗಿನ್, ಪಾಸ್‌ವರ್ಡ್, ಒಟಿಪಿ ಕೊಡಿ, ನಿಮ್ಮ ಪರವಾಗಿ ನಾವೇ ವಹಿವಾಟು ಮಾಡುತ್ತೇವೆ ಎನ್ನುವವರಿಗೆ ಅವುಗಳಲ್ಲಿ ಯಾವುದನ್ನೂ ಕೊಡಬೇಡಿ.

ಗುಂಪಿನವರು ಕೊಡುವ ಖಾತೆಯ ವಿವರವನ್ನು ಬಿಡಿಸಿ ನೋಡಿ. ಸಲಹೆ ಸಂಸ್ಥೆಯ ಹೆಸರು ಒಂದು, ಖಾತೆಯ ಹೆಸರು ಯಾವುದೋ ಟ್ರೇಡರ್ಸ್, ಎಂಟರ್‌ಪ್ರೈಸಸ್ ಅಥವಾ ಅಪರಿಚಿತ ವ್ಯಕ್ತಿ ಎಂದಿದ್ದರೆ ಅದು ಬಾಡಿಗೆ ಖಾತೆ, ಅಂದರೆ ಕಮಿಷನ್ನಿಗೆ ಬೇರೆಯವರಿಂದ ಪಡೆದದ್ದು ಎಂದು ಶಂಕಿಸಲು ಅಷ್ಟೇ ಸಾಕು. ಪ್ರತಿ ಸಲ ಹಣ ಕಳಿಸುವಾಗಲೂ ಹೊಸ ಖಾತೆ ಕೊಡುವುದು ಇನ್ನೊಂದು ಗುರುತು: ಹಿಂದಿನ ಖಾತೆಯನ್ನು ಯಾರೋ ದೂರು ಕೊಟ್ಟು ತಡೆಹಿಡಿಸಿರಬಹುದು.

2025ರ ಅಕ್ಟೋಬರ್ 1ರಿಂದ ಸೆಬಿ ನೋಂದಾಯಿತ ಸಂಸ್ಥೆಗಳಿಗೆ ವಿಶೇಷ ಯುಪಿಐ ಐಡಿಗಳು ಬಂದಿವೆ. ಇವುಗಳಲ್ಲಿ @valid ಎಂಬ ಪದ ಇದ್ದು, ಅದಕ್ಕೆ ಬ್ಯಾಂಕಿನ ಹೆಸರು ಅಂಟಿಕೊಂಡಿರುತ್ತದೆ. ಹಣ ಕಳಿಸುವಾಗ ಹಸಿರು ತ್ರಿಕೋನದೊಳಗೆ ಹೆಬ್ಬೆರಳೆತ್ತಿದ ಚಿಹ್ನೆ ಕಾಣುತ್ತದೆ. ಸಂಸ್ಥೆಯೊಂದರ ಯುಪಿಐ ಐಡಿ ಅಥವಾ ಬ್ಯಾಂಕ್ ಖಾತೆ ಅದರದ್ದೇ ಹೌದೇ ಎಂದು ನೋಡಲು ಸೆಬಿಯ SEBI Check ಸೌಲಭ್ಯವೂ ಇದೆ. ಆ ಚಿಹ್ನೆ ಬರಲಿಲ್ಲ ಎಂದ ಮಾತ್ರಕ್ಕೆ ಮೋಸ ಎನ್ನಲಾಗದು, ಏಕೆಂದರೆ ಬೇರೆ ಬ್ಯಾಂಕ್ ವರ್ಗಾವಣೆಯ ದಾರಿಗಳೂ ಇವೆ. ಆದರೆ ಅದನ್ನು ಕೇಳಿದಾಗ ತಡವರಿಸುವವರಿಗೆ ಹಣ ಕಳಿಸುವ ಮಾತೇ ಬೇಡ.

ಹಂತ 6: ಷೇರು ನಿಜವಾಗಿ ನಿಮ್ಮ ಹೆಸರಿಗೆ ಬಂದಿದೆಯೇ?

ಇಂಥ ಪ್ರಕರಣಗಳು ಸಾಮಾನ್ಯವಾಗಿ ಹೇಗೆ ಸಾಗುತ್ತವೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ನಿವೃತ್ತರೊಬ್ಬರು ಗುಂಪಿಗೆ ಸೇರುತ್ತಾರೆ. ಅಲ್ಲಿ "ಪ್ರೊಫೆಸರ್" ಒಬ್ಬರು ಪಾಠ ಮಾಡುತ್ತಾರೆ, ಅವರ "ಸಹಾಯಕಿ" ವೈಯಕ್ತಿಕವಾಗಿ ಮಾತನಾಡಿಸುತ್ತಾಳೆ, ಉಳಿದ ಸದಸ್ಯರು ದಿನವೂ ಲಾಭದ ಸ್ಕ್ರೀನ್‌ಶಾಟ್ ಹಾಕಿ ಕೈಮುಗಿಯುತ್ತಾರೆ. ಆ ಸದಸ್ಯರಲ್ಲಿ ಬಹುಪಾಲು ತಂಡದವರೇ. ಕೆಲವು ದಿನಗಳ ನಂತರ ವಿದೇಶಿ ಸಾಂಸ್ಥಿಕ ಹೂಡಿಕೆದಾರರ ಖಾತೆಯ ಮೂಲಕ ಕಡಿಮೆ ಬೆಲೆಗೆ ಷೇರು, ಐಪಿಒದಲ್ಲಿ, ಅಂದರೆ ಕಂಪನಿ ಮೊದಲ ಬಾರಿಗೆ ಸಾರ್ವಜನಿಕರಿಗೆ ಷೇರು ಮಾರುವಾಗ, ಖಚಿತ ಹಂಚಿಕೆ ಎಂದು ಒಂದು ಆ್ಯಪ್‌ನ ಲಿಂಕ್ ಬರುತ್ತದೆ. 20,000 ಹಾಕುತ್ತಾರೆ, ಆ್ಯಪ್‌ನಲ್ಲಿ 24,600 ಕಾಣುತ್ತದೆ. ಪರೀಕ್ಷಿಸಲೆಂದು 3,000 ವಾಪಸ್ ಕೇಳುತ್ತಾರೆ, ಅದು ನಿಜವಾಗಿಯೂ ಬ್ಯಾಂಕಿಗೆ ಬರುತ್ತದೆ. ಆ ಮೂರು ಸಾವಿರವೇ ಗಾಳಕ್ಕೆ ಸಿಕ್ಕಿಸಿದ ಎರೆ. ಠೇವಣಿ ಮುರಿಸಿ 5 ಲಕ್ಷ ಹಾಕುತ್ತಾರೆ, ತೆರೆಯ ಮೇಲೆ ಅದು 38 ಲಕ್ಷವಾಗುತ್ತದೆ. ಹಿಂಪಡೆಯಲು ಹೋದಾಗ, "ಶೇ 15 ತೆರಿಗೆ, ಅಂದರೆ 5.70 ಲಕ್ಷ ಮೊದಲು ಕಟ್ಟಬೇಕು, ಅದನ್ನು 38 ಲಕ್ಷದಿಂದ ಕಳೆಯಲು ಬರುವುದಿಲ್ಲ" ಎನ್ನುತ್ತಾರೆ.

ಈ ಕತೆ ಹಲವು ಕಡೆ ಮುರಿದುಬೀಳುತ್ತದೆ. ವಿದೇಶಿ ಹೂಡಿಕೆದಾರರ ಆ ಮಾರ್ಗ, ಸೀಮಿತ ವಿನಾಯಿತಿಗಳನ್ನು ಬಿಟ್ಟರೆ, ಭಾರತದ ನಿವಾಸಿಗಳಿಗೆ ಇಲ್ಲ ಎಂದು ಸೆಬಿ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ಐಪಿಒಗೆ ಅರ್ಜಿ ಹಾಕಿದಾಗ ಹಣ ಯಾರ ಖಾತೆಗೂ ಹೋಗುವುದಿಲ್ಲ, ಹಂಚಿಕೆಯಾಗುವವರೆಗೆ ನಿಮ್ಮ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿಯಲ್ಪಟ್ಟಿರುತ್ತದೆ. ಷೇರಿನ ಲಾಭದ ಮೇಲಿನ ತೆರಿಗೆಯನ್ನು ನಿವಾಸಿ ಹೂಡಿಕೆದಾರರು ತಾವೇ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತಾರೆ. ಹಣ ಬಿಡುಗಡೆ ಮಾಡಲು ಮೊದಲು ತೆರಿಗೆ ಕೊಡಿ ಎಂದು ಯಾವ ನಿಜವಾದ ದಲ್ಲಾಳಿಯೂ ಕೇಳುವುದಿಲ್ಲ.

ಈ ಯಾವುದೂ ತಿಳಿಯದಿದ್ದರೂ ಒಂದು ಪರೀಕ್ಷೆ ಉಳಿದಿರುತ್ತದೆ. ದೇಶದಲ್ಲಿ ಷೇರುಗಳನ್ನು ಇಡುವ ಠೇವಣಾಗಾರಗಳು ಎರಡೇ, ಎನ್‌ಎಸ್‌ಡಿಎಲ್ ಮತ್ತು ಸಿಡಿಎಸ್‌ಎಲ್. ಕೊಂಡ ಷೇರು ಸಾಮಾನ್ಯವಾಗಿ ಮರು ವ್ಯವಹಾರದ ದಿನ ನಿಮ್ಮ ಡಿಮ್ಯಾಟ್ ಖಾತೆಯಲ್ಲಿರಬೇಕು, ದಲ್ಲಾಳಿಯಿಂದ ಕಾಂಟ್ರ್ಯಾಕ್ಟ್ ನೋಟ್, ಅಂದರೆ ವಹಿವಾಟಿನ ಅಧಿಕೃತ ಚೀಟಿ, ನಿಮ್ಮ ಇಮೇಲಿಗೆ ಬಂದಿರಬೇಕು. ಈ ಎರಡು ಸಂಸ್ಥೆಗಳ ಜಾಲತಾಣದಲ್ಲಿ ನೇರವಾಗಿ ಲಾಗಿನ್ ಆಗಿ, ಅಥವಾ ಅವು ಕಳಿಸುವ ಒಟ್ಟು ಖಾತೆ ವಿವರಣೆಯನ್ನು ತೆರೆದು ನೋಡಿ. ಆ್ಯಪ್‌ನಲ್ಲಿ ಕಾಣುವ 500 ಷೇರು ಅಲ್ಲಿ ಕಾಣದಿದ್ದರೆ ಆ ಷೇರನ್ನು ಯಾರೂ ಕೊಂಡೇ ಇಲ್ಲ. ತೆರೆಯ ಮೇಲಿನ ಅಂಕಿಯನ್ನು ಟೈಪ್ ಮಾಡುತ್ತಿರುವವರು ಬೇರೆ.

ಇಷ್ಟೆಲ್ಲ ಸರಿಯಿದ್ದೂ ಮೋಸ ನಡೆಯುವ ಒಂದು ಬಗೆಯಿದೆ. ಕೆಲವು ಗುಂಪುಗಳು ಹಣವನ್ನೇ ಕೇಳುವುದಿಲ್ಲ, ಉಚಿತವಾಗಿ ಟಿಪ್ಸ್ ಕೊಡುತ್ತವೆ, ಷೇರು ನಿಮ್ಮ ಡಿಮ್ಯಾಟಿಗೇ ಬರುತ್ತದೆ. ಅಡ್ಮಿನ್ ಮೊದಲೇ ಕಡಿಮೆ ವಹಿವಾಟಿನ ಸಣ್ಣ ಕಂಪನಿಯೊಂದರ ಷೇರನ್ನು ಅಗ್ಗಕ್ಕೆ ಕೊಂಡಿಟ್ಟು, ಸಾವಿರಾರು ಸದಸ್ಯರಿಂದ ಕೊಳ್ಳಿಸಿ ಬೆಲೆ ಏರಿಸಿ, ಅದೇ ಸದಸ್ಯರಿಗೆ ತನ್ನದನ್ನು ಮಾರುತ್ತಾನೆ. ಬೆಲೆ ಕುಸಿಯತೊಡಗಿದಾಗ ಕೊಳ್ಳುವವರೇ ಇರುವುದಿಲ್ಲ. ಹೆಸರು ಕೇಳಿರದ ಷೇರಿನ ಟಿಪ್ಸ್ ಬಂದರೆ, ಎಕ್ಸ್‌ಚೇಂಜಿನ ಜಾಲತಾಣದಲ್ಲಿ ಕಳೆದ ಕೆಲವು ತಿಂಗಳ ವಹಿವಾಟಿನ ಪ್ರಮಾಣ ನೋಡಿ. ತಿಂಗಳುಗಟ್ಟಲೆ ಅಲುಗಾಡದ ಷೇರು ಹಠಾತ್ತನೆ ಹಲವು ಪಟ್ಟು ಕೈಬದಲಾಗಿದ್ದು, ಕಂಪನಿಯಿಂದ ಯಾವ ಪ್ರಕಟಣೆಯೂ ಇಲ್ಲದಿದ್ದರೆ ದೂರವಿರಿ.

ಹಂತ 7: ಹಣ ಈಗಾಗಲೇ ಹೋಗಿದ್ದರೆ

ಗುಂಪಿನವರೊಡನೆ ವಾದ ಮಾಡುತ್ತಾ ಸಮಯ ಕಳೆಯಬೇಡಿ. ಮೊದಲು 1930ಕ್ಕೆ ಕರೆ ಮಾಡಿ, ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ವರ್ಗಾವಣೆಯ ಸಂಖ್ಯೆ, ಸಮಯ, ಮೊತ್ತ, ಎದುರಿನ ಖಾತೆಯ ವಿವರವನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುತ್ತಲೇ ಇರುವುದರಿಂದ, ಬೇಗ ತಿಳಿಸಿದಷ್ಟೂ ಎಲ್ಲೋ ಒಂದು ಕಡೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಿಮ್ಮ ಬ್ಯಾಂಕಿಗೂ ತಿಳಿಸಿ, cybercrime.gov.in ನಲ್ಲಿ ದೂರು ದಾಖಲಿಸಿ, ಕರ್ನಾಟಕದಲ್ಲಿದ್ದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ. ಗುಂಪಿನಿಂದ ಹೊರಬರುವ ಮೊದಲು ಸಂದೇಶಗಳನ್ನೂ ಸದಸ್ಯರ ಸಂಖ್ಯೆಗಳನ್ನೂ ಆ್ಯಪ್‌ನ ಪರದೆಗಳನ್ನೂ ಉಳಿಸಿಕೊಳ್ಳಿ.

ಸೆಬಿಯ ದೂರು ವ್ಯವಸ್ಥೆಯಾದ scores.sebi.gov.in ನೋಂದಾಯಿತ ಸಂಸ್ಥೆಗಳ ವಿರುದ್ಧದ ದೂರಿಗೆ ಮೀಸಲು. ನಿಜವಾದ ಸಲಹೆಗಾರರೇ ಶುಲ್ಕದ ಮಿತಿ ಮೀರಿದರೆ ಅಥವಾ ಲಾಭದ ಭರವಸೆ ಕೊಟ್ಟರೆ ಅಲ್ಲಿ ದೂರು ಕೊಡಿ. ನೋಂದಣಿಯೇ ಇಲ್ಲದ ವಂಚಕರ ವಿಷಯದಲ್ಲಿ ಅದನ್ನೇ ನಂಬಿ ಕಾಯುತ್ತಾ ಕುಳಿತರೆ ಅಮೂಲ್ಯವಾದ ಗಂಟೆಗಳು ಹೋಗುತ್ತವೆ. ಸೆಬಿಯ ಸಹಾಯವಾಣಿ 1800 22 7575 ರಲ್ಲಿ ಮಾಹಿತಿ ಕೇಳಬಹುದು.

ದೂರು ಕೊಟ್ಟ ಕೆಲವು ವಾರಗಳ ನಂತರ ಮತ್ತೊಂದು ಕರೆ ಬರಬಹುದು. ತಾನು ಸೆಬಿಯ ಅಥವಾ ಸೈಬರ್ ಪೊಲೀಸರ ಕಡೆಯವನು, ನಿಮ್ಮ ಹಣ ಪತ್ತೆಯಾಗಿದೆ, ಬಿಡುಗಡೆಗೆ ಸಂಸ್ಕರಣಾ ಶುಲ್ಕ ಕಟ್ಟಬೇಕು ಎಂದು ಆತ ಹೇಳುತ್ತಾನೆ. ನೀವು ಕಳೆದುಕೊಂಡ ಮೊತ್ತವೂ ಅವನಿಗೆ ನಿಖರವಾಗಿ ಗೊತ್ತಿರಬಹುದು, ಏಕೆಂದರೆ ಮೋಸಹೋದವರ ಪಟ್ಟಿ ಮೊದಲ ತಂಡದ ಕೈಯಲ್ಲೇ ಇದೆ. ತಡೆಹಿಡಿದ ಹಣ ಮರಳಿಸಲು ಸೆಬಿಯಾಗಲಿ ಪೊಲೀಸರಾಗಲಿ ಫೋನಿನಲ್ಲಿ ಶುಲ್ಕ ಕೇಳುವುದಿಲ್ಲ. ಕರೆಯನ್ನು ಕಡಿದು, ಆ ಸಂಖ್ಯೆಯನ್ನೂ ನಿಮ್ಮ ಮೊದಲಿನ ದೂರಿನ ಸಂಖ್ಯೆಯೊಡನೆ ಠಾಣೆಗೆ ಕೊಡಿ.